ರಾಣಿಪುರಂ ಚಾರಣಕ್ಕೆ ತಲೆಗೆಷ್ಟು? ಗೈಡ್, ಟೆಂಟ್, ಊಟ, ವಾಹನದ ಖರ್ಚನ್ನು ಮೊದಲೇ ಲೆಕ್ಕ ಹಾಕುವ ಕ್ರಮ

ಕಾಸರಗೋಡಿನ ಕಾಲೇಜು ಗೆಳೆಯರು ಶನಿವಾರ ಹೊರಟು ಭಾನುವಾರ ಮರಳುವ ಚಾರಣದ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ‘ತಲೆಗೆ ಎಷ್ಟು ಬೀಳ್ತದೆ?’ ಎಂಬುದು. ಲೆಕ್ಕದಲ್ಲಿ ಇದು ಕೊನೆಗೆ ಸಿಗಬೇಕಾದ ಸಂಖ್ಯೆ. ಮೊದಲೇ ‘ಒಂದೂವರೆ ಸಾವಿರ ಆದೀತು’ ಎಂದು ಹೇಳಿಬಿಟ್ಟರೆ, ಹತ್ತು ಜನರಲ್ಲಿ ಇಬ್ಬರು ಶುಕ್ರವಾರ ರಾತ್ರಿ ಕೈಕೊಟ್ಟಾಗ ಉಳಿದವರ ಪಾಲು ಏರುತ್ತದೆ. ಕೊರತೆ ಬಿದ್ದ ಹಣವನ್ನು ಮುಂದೆ ನಿಂತು ಏರ್ಪಾಡು ಮಾಡಿದವರೇ ಕೈಯಿಂದ ತುಂಬಬೇಕಾಗುತ್ತದೆ.

ಇಲ್ಲಿ ರಾಣಿಪುರಂ ಬೆಟ್ಟವನ್ನು ಉದಾಹರಣೆಗೆ ತೆಗೆದುಕೊಂಡಿದ್ದೇವೆ. ಕಾಞಂಗಾಡಿನಿಂದ ಪೂರ್ವಕ್ಕೆ ಸುಮಾರು 48 ಕಿ.ಮೀ. ದೂರದಲ್ಲಿ, ಕೊಡಗಿನ ಗಡಿಗೆ ಹತ್ತಿರವಿರುವ ಈ ಬೆಟ್ಟಕ್ಕೆ ಹಿಂದೆ ಮಾಡತ್ತುಮಲ ಎಂಬ ಹೆಸರಿತ್ತು. ಮೊದಲು ಕಾಡಿನ ಹಾದಿ, ಆಮೇಲೆ ಹುಲ್ಲುಗಾವಲು. ಏರುವುದು ಅರ್ಧ ದಿನದ ಕೆಲಸ.

ಕೆಳಗಿನ ದೂರಗಳನ್ನು ಹಾಗೆಯೇ ಬಳಸಬಹುದು. ರೂಪಾಯಿ ದರಗಳನ್ನು ಮಾತ್ರ ಲೆಕ್ಕದ ಕ್ರಮ ತೋರಿಸಲು ಹಿಡಿದಿದ್ದೇವೆ. ಫೋನ್ ಮಾಡಿ ತಿಳಿದ ದರವನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಿ. ಕ್ರಮ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ಖರ್ಚನ್ನು ಮೂರು ರಾಶಿ ಮಾಡಿ

ಕಾಗದದಲ್ಲಿ ಮೂರು ಕಾಲಂ ಎಳೆಯಿರಿ.

ಮೊದಲನೆಯದು ತಲೆಗೆ ಬೀಳುವ ಖರ್ಚು. ರೈಲು, ಬಸ್ಸು, ಊಟ, ಪ್ರವೇಶ ಚೀಟಿ, ಟೆಂಟ್ ಹಾಕುವ ಜಾಗದ ಶುಲ್ಕ ಇವೆಲ್ಲ ಇಲ್ಲಿಗೆ. ಒಬ್ಬರು ಕಡಿಮೆಯಾದರೆ ಅಷ್ಟೇ ಹಣ ಉಳಿಯುತ್ತದೆ.

ಎರಡನೆಯದು ತಂಡದ ಖರ್ಚು. ಗೈಡ್ ಶುಲ್ಕ, ಪ್ರಥಮ ಚಿಕಿತ್ಸೆಯ ಸಾಮಾನು. ಐವರು ಹೋದರೂ ಹತ್ತು ಮಂದಿ ಹೋದರೂ ಮೊತ್ತ ಅಷ್ಟೇ.

ಮೂರನೆಯದು ಮೆಟ್ಟಿಲು ಖರ್ಚು. ಜೀಪು ಮತ್ತು ಟೆಂಟ್ ಇದಕ್ಕೆ ಸೇರುತ್ತವೆ. ಒಂದು ಜೀಪು ತುಂಬುವವರೆಗೆ ಬಾಡಿಗೆ ಒಂದೇ, ಒಬ್ಬರು ಹೆಚ್ಚಾದ ಕೂಡಲೇ ಇನ್ನೊಂದು ವಾಹನ ಬೇಕು. ಲೆಕ್ಕ ಹೆಚ್ಚಾಗಿ ತಪ್ಪುವುದು ಇಲ್ಲಿ. ಮೆಟ್ಟಿಲು ಖರ್ಚನ್ನು ಎಲ್ಲರೂ ತಲೆಖರ್ಚಿನಂತೆ ಭಾಗಿಸಿ, ಎಂಟು ಮಂದಿಗೆ ‘ಒಂದೂ ಕಾಲು ಜೀಪು’ ಎಂಬಂಥ ಲೆಕ್ಕ ಮಾಡಿಬಿಡುತ್ತಾರೆ.

ಎರಡನೆಯ ಹೆಜ್ಜೆ: ಎಷ್ಟು ಜನ?

ಗುಂಪಿನಲ್ಲಿ ಹತ್ತು ಮಂದಿ ‘ಬರ್ತೇನೆ’ ಎಂದಿದ್ದರೆ ಲೆಕ್ಕವನ್ನು ಎಂಟಕ್ಕೆ ಮಾಡಿ. ಜತೆಗೆ ಹತ್ತಕ್ಕೂ ಏಳಕ್ಕೂ ಒಂದೊಂದು ಸಲ ಹಾಕಿ ನೋಡಿ. ಹುಡುಗರೆಷ್ಟು, ಹುಡುಗಿಯರೆಷ್ಟು ಎಂಬುದನ್ನೂ ಈಗಲೇ ಬರೆದುಕೊಳ್ಳಿ, ಟೆಂಟ್ ಲೆಕ್ಕಕ್ಕೆ ಬೇಕಾಗುತ್ತದೆ. ನಮ್ಮ ಉದಾಹರಣೆಯ ಹತ್ತು ಮಂದಿಯಲ್ಲಿ 6 ಹುಡುಗರು, 4 ಹುಡುಗಿಯರು. ಎಂಟಾದರೆ 5 ಮತ್ತು 3, ಏಳಾದರೆ 4 ಮತ್ತು 3.

ಮೂರನೆಯ ಹೆಜ್ಜೆ: ವಾಹನ

ಉಳಿದ ಲೆಕ್ಕಕ್ಕಿಂತ ಮೊದಲು ವಾಹನ ತೀರ್ಮಾನವಾಗಬೇಕು. ಯಾವುದರಲ್ಲಿ ಹೋಗುತ್ತೀರಿ ಎಂಬುದರ ಮೇಲೆ ಊಟದ ಏರ್ಪಾಡು ನಿಂತಿದೆ. ರೈಲಿನಲ್ಲಿ ಗ್ಯಾಸ್ ಸಿಲಿಂಡರ್ ಒಯ್ಯುವುದು ಅಪರಾಧ. ಹಾಗಾಗಿ ರೈಲಿನಲ್ಲಿ ಹೊರಟವರಿಗೆ ಒಲೆ, ಗ್ಯಾಸ್ ಮೇಲೆಯೇ ಸಿಗಬೇಕು, ಇಲ್ಲವೇ ಊಟವನ್ನು ಅಲ್ಲಿಂದ ಕೊಳ್ಳಬೇಕು.

ಅಗ್ಗದ ದಾರಿ ಮೂರು ತುಂಡುಗಳದ್ದು. ಕಾಸರಗೋಡಿನಿಂದ ಕಾಞಂಗಾಡಿಗೆ ರೈಲು, ಅಲ್ಲಿಂದ ರಾಜಪುರಂ ಮೂಲಕ ಪಾಣತ್ತೂರಿಗೆ ಹೋಗುವ ಬಸ್ಸಿನಲ್ಲಿ ಪನತ್ತಡಿ, ಪನತ್ತಡಿಯಿಂದ ಮೇಲಕ್ಕೆ ಜೀಪು. ರೈಲಿಗೆ ಹೋಗಿ ಬರಲು ತಲೆಗೆ 60 ರೂ., ಬಸ್ಸಿಗೆ 110 ರೂ. ಹಿಡಿಯೋಣ. ಒಟ್ಟು 170. ಬಸ್ಸಿನ ವಿದ್ಯಾರ್ಥಿ ರಿಯಾಯಿತಿಯನ್ನು ಲೆಕ್ಕಕ್ಕೆ ತರಬೇಡಿ. ಅದು ಮನೆಯಿಂದ ಕಾಲೇಜಿಗೆ ಹೋಗಿಬರುವ ದಾರಿಗೆ ಇರುವುದು, ಪ್ರವಾಸಕ್ಕಲ್ಲ.

ಜೀಪಿನವರು ದರ ಹೇಳುವುದು ಒಂದು ಟ್ರಿಪ್ಪಿಗೆ. ಬೆನ್ನುಚೀಲಗಳ ಜತೆ ಒಂದು ಜೀಪಿಗೆ 7 ಮಂದಿ ಎಂದು ಹಿಡಿಯಿರಿ. ಚೀಲವಿಲ್ಲದೆ ಹೆಚ್ಚು ಜನ ಕೂತದ್ದನ್ನು ನೋಡಿ ಲೆಕ್ಕ ಹಾಕಿದರೆ ಪನತ್ತಡಿ ಪೇಟೆಯಲ್ಲಿ ನಿಂತು ಇನ್ನೊಂದು ವಾಹನ ಹುಡುಕಬೇಕಾಗುತ್ತದೆ. ಜೀಪಿಗೆ 500 ರೂ., ಮಿಕ್ಕವರಿಗೆ ಒಂದು ಆಟೋ, ಅದಕ್ಕೆ 350 ರೂ. ಅಂದರೆ ಏಳು ಮಂದಿಗೆ ಹೋಗಿ ಬರಲು 1,000 ರೂ., ಎಂಟರಿಂದ ಹತ್ತು ಮಂದಿಗೆ 1,700 ರೂ. ಎಂಟನೆಯವರೊಬ್ಬರಿಗಾಗಿ 700 ರೂ. ಏರಿತು.

ಜೀಪಿನವರಲ್ಲಿ ಎರಡು ಮಾತು ಕೇಳಲೇಬೇಕು. ಒಂದು, ಹೇಳಿದ ದರ ಹೋಗಲಿಕ್ಕೆ ಮಾತ್ರವೋ, ಹೋಗಿ ಬರಲಿಕ್ಕೋ? ಎರಡು, ಭಾನುವಾರ ಕರೆದೊಯ್ಯಲು ಬರುವ ಹೊತ್ತು ಯಾವುದು? ಮೇಲೆ ಖಾಲಿ ಜೀಪು ಕಾದು ನಿಂತಿರುತ್ತದೆ ಎಂದು ನಂಬುವಂತಿಲ್ಲ. ಮರಳುವ ಟ್ರಿಪ್ಪನ್ನು ಶನಿವಾರವೇ ಗೊತ್ತು ಮಾಡಿ, ಹೊತ್ತನ್ನು ಮಧ್ಯಾಹ್ನ 2ರ ಒಳಗೆ ಇಟ್ಟುಕೊಳ್ಳಿ. ಸಂಜೆಯ ಬಸ್ಸು ತಪ್ಪಿದರೆ ಎಂಟು ಮಂದಿಗೆ ಕಾಞಂಗಾಡಿನವರೆಗೆ ಎರಡು ಟ್ಯಾಕ್ಸಿ ಬೇಕು. ಆ ಒಂದು ಖರ್ಚು ನೀವು ಕಾದಿಟ್ಟ ಹಣವನ್ನೆಲ್ಲ ನುಂಗುತ್ತದೆ.

ಕಾಸರಗೋಡಿನಿಂದಲೇ ಟೆಂಪೋ ಟ್ರಾವೆಲರ್ ಮಾಡಿದರೆ? ಅಲ್ಲಿ ಕೇಳಬೇಕಾದ್ದು ದಿನದ ಕನಿಷ್ಠ ಕಿಲೋಮೀಟರ್. ಕಾಸರಗೋಡಿನಿಂದ ರಾಣಿಪುರಂಗೆ ಸುಮಾರು 75 ಕಿ.ಮೀ., ಹೋಗಿ ಬರಲು 150. ದಿನಕ್ಕೆ 250 ಕಿ.ಮೀ. ಕನಿಷ್ಠ ಎಂಬ ಷರತ್ತಿದ್ದರೆ, ಎರಡು ದಿನ ವಾಹನ ನಿಲ್ಲಿಸಿಕೊಂಡದ್ದಕ್ಕೆ 500 ಕಿ.ಮೀ. ಬಾಡಿಗೆ ಕೊಡಬೇಕು. ಕಿ.ಮೀ.ಗೆ 24 ರೂ. ಎಂದರೆ 12,000, ಚಾಲಕನ ಬಾಟಾ ದಿನಕ್ಕೆ 500ರಂತೆ 1,000, ಒಟ್ಟು 13,000 ರೂ. ಎಂಟು ಮಂದಿಗೆ ಹಂಚಿದರೆ ತಲೆಗೆ 1,625. ರೈಲು, ಬಸ್ಸು, ಜೀಪಿನ ದಾರಿಯಲ್ಲಿ ಇದೇ ಎಂಟು ಮಂದಿಗೆ 3,060 ರೂ., ತಲೆಗೆ 383ರ ಒಳಗೆ ಮುಗಿಯುತ್ತದೆ. ಟೆಂಪೋ ಬೇಕೇಬೇಕು ಎಂದಾದರೆ, ಶನಿವಾರ ಬಿಟ್ಟು ಹೋಗಿ ಭಾನುವಾರ ಬಂದು ಕರೆದೊಯ್ಯಲು ಬೇರೆ ದರವಿದೆಯೇ ಎಂದು ಕೇಳಿ.

ಪರಿಚಯದವರ ಬಿಳಿ ನಂಬರ್ ಪ್ಲೇಟಿನ ಕಾರನ್ನು ಬಾಡಿಗೆಗೆ ಪಡೆಯಬೇಡಿ. ಸ್ವಂತ ಬಳಕೆಗೆಂದು ನೋಂದಾಯಿಸಿದ ವಾಹನವನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ.

ನಾಲ್ಕನೆಯ ಹೆಜ್ಜೆ: ಟೆಂಟ್, ಅದನ್ನು ಹಾಕುವ ಜಾಗ

ಬೆಟ್ಟದ ತುದಿಯಲ್ಲಿ ಟೆಂಟ್ ಹಾಕುತ್ತೇವೆ ಎಂದು ಲೆಕ್ಕ ಹಾಕಬೇಡಿ. ಅದು ಅರಣ್ಯ ಇಲಾಖೆಯ ಜಾಗ, ಆನೆ ಓಡಾಡುವ ಕಾಡು. ಹಗಲು ಚೀಟಿ ಪಡೆದು ಹೋಗಿ, ಗೇಟು ಮುಚ್ಚುವ ಮೊದಲು ಇಳಿದು ಬರಬೇಕು. ಟೆಂಟಿಗೆ ಕೆಳಗಿನ ಖಾಸಗಿ ತೋಟ ಅಥವಾ ಹೋಂಸ್ಟೇ ಅಂಗಳವೇ ಗತಿ. ಆದ್ದರಿಂದ ಟೆಂಟ್ ಬಾಡಿಗೆ ಬೇರೆ, ಜಾಗದ ಶುಲ್ಕ ಬೇರೆ. ನೆಲ, ನೀರು, ಶೌಚಾಲಯ, ರಾತ್ರಿ ದೀಪ ಸೇರಿ ಜಾಗಕ್ಕೆ ತಲೆಗೆ 250 ರೂ. ಹಿಡಿಯೋಣ. ಮೊದಲು ಜಾಗದವರಿಗೆ ಫೋನ್ ಮಾಡಿ, ಆಮೇಲೆ ಟೆಂಟ್ ಅಂಗಡಿಗೆ. ಎಷ್ಟೋ ಕಡೆ ಜಾಗದವರೇ ಟೆಂಟ್ ಕೊಡುತ್ತಾರೆ, ಕೆಲವರು ಹೊರಗಿನ ಟೆಂಟ್ ಒಪ್ಪುವುದಿಲ್ಲ.

ಟೆಂಟಿನ ಮೇಲೆ ‘4 ಮಂದಿಗೆ’ ಎಂದು ಬರೆದಿದ್ದರೆ ಹೆಗಲಿಗೆ ಹೆಗಲು ತಾಗಿಸಿ ನಾಲ್ವರು ಮಲಗಬಹುದು, ಚೀಲಗಳಿಗೆ ಜಾಗ ಇರುವುದಿಲ್ಲ. ಮಳೆ ಬಂದು ಚೀಲ ಒಳಗೆ ತಂದರೆ ಒಬ್ಬರು ಹೊರಗೆ. ಬರೆದದ್ದಕ್ಕಿಂತ ಒಂದು ಕಡಿಮೆ ಹಿಡಿಯಿರಿ. ನಾಲ್ವರ ಟೆಂಟಿಗೆ ಮೂವರು. ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಭಾಗಿಸಿ, ಎರಡನ್ನೂ ಮೇಲಿನ ಪೂರ್ಣಸಂಖ್ಯೆಗೆ ಏರಿಸಿ. ಹತ್ತು ಮಂದಿಯಲ್ಲಿ 6 ಹುಡುಗರಿಗೆ 2, 4 ಹುಡುಗಿಯರಿಗೆ 2, ಒಟ್ಟು 4 ಟೆಂಟ್. ಎಂಟು ಮಂದಿಯಲ್ಲಿ 5 ಹುಡುಗರಿಗೆ 2, 3 ಹುಡುಗಿಯರಿಗೆ 1, ಒಟ್ಟು 3. ಏಳಕ್ಕೂ 3. ಹಾಸುವ ಮ್ಯಾಟ್ ಸೇರಿ ಒಂದು ಟೆಂಟಿಗೆ 500 ರೂ. ಎಂದರೆ ಕ್ರಮವಾಗಿ 2,000, 1,500, 1,500.

ಅಂಗಡಿಯಿಂದ ತರುವುದಾದರೆ ದಿನದ ಲೆಕ್ಕ ಹೇಗೆಂದು ಕೇಳಿ. ಶುಕ್ರವಾರ ಸಂಜೆ ಪಡೆದು ಸೋಮವಾರ ಬೆಳಿಗ್ಗೆ ಮರಳಿಸಿದರೆ ನೀವು ಮಲಗಿದ್ದು ಒಂದು ರಾತ್ರಿ, ಅಂಗಡಿಯವರು ಎಣಿಸುವುದು ಮೂರು ಇರಬಹುದು. ಠೇವಣಿ ಮರಳಿ ಬರುವ ಹಣ, ಆದ್ದರಿಂದ ಖರ್ಚಿನ ಪಟ್ಟಿಯಲ್ಲಿ ಸೇರಿಸಬೇಡಿ. ಆದರೆ ಶುಕ್ರವಾರ ಕೈಯಲ್ಲಿ ಇರಬೇಕಾದ ಹಣದ ಪಟ್ಟಿಯಲ್ಲಿ ಅದು ಇರಬೇಕು. ಈ ಎರಡು ಪಟ್ಟಿ ಒಂದೇ ಎಂದುಕೊಂಡವರಿಗೆ ಶನಿವಾರ ಜೀಪಿಗೆ ಕೊಡಲು ದುಡ್ಡಿರುವುದಿಲ್ಲ.

ಪಡೆಯುವಾಗ ಟೆಂಟನ್ನು ಅಂಗಡಿಯ ಮುಂದೆಯೇ ಒಮ್ಮೆ ಬಿಡಿಸಿ ನಿಲ್ಲಿಸಿ. ಕಡ್ಡಿ ಸೀಳಿದೆಯೇ, ಗೂಟಗಳೆಷ್ಟು, ಜಿಪ್ ಪೂರ್ತಿ ಎಳೆಯುತ್ತದೆಯೇ, ಮೇಲೆ ಹೊದೆಸುವ ಮಳೆಹೊದಿಕೆ ಇದೆಯೇ ನೋಡಿ. ಫೋಟೋ ತೆಗೆದು ಅಂಗಡಿಯವರಿಗೇ ವಾಟ್ಸಾಪ್ ಮಾಡಿ. ಮೊದಲೇ ಮುರಿದ ಕಡ್ಡಿಗೆ ಠೇವಣಿ ಕಳೆದುಕೊಳ್ಳದಿರಲು ಇಷ್ಟು ಸಾಕು.

ಐದನೆಯ ಹೆಜ್ಜೆ: ಗೈಡ್

ರಾಣಿಪುರಂ ಹಾದಿ ಹಗಲಿನಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ. ಗೈಡ್ ಕೆಲಸಕ್ಕೆ ಬರುವುದು ಹುಲ್ಲುಗಾವಲಿನಲ್ಲಿ ಮಂಜು ಕವಿದಾಗ ಮತ್ತು ಆನೆಯ ಸುಳಿವು ಓದಲು. ಹೊಸಬರೇ ತುಂಬಿದ ತಂಡವಾದರೆ ಈ ಹಣ ಉಳಿಸಲು ಹೋಗಬೇಡಿ. ಗೊತ್ತು ಮಾಡುವ ಮೊದಲು ಅರಣ್ಯ ಇಲಾಖೆಯ ಚೀಟಿ ಕೌಂಟರಿನಲ್ಲಿ ವಿಚಾರಿಸಿ. ಅಲ್ಲಿ ಒಪ್ಪಿಗೆ ಇಲ್ಲದವರನ್ನು ಹೊರಗಿನಿಂದ ಕರೆತಂದರೆ ಗೇಟಿನಲ್ಲಿ ತಡೆಯಬಹುದು, ಕೊಟ್ಟ ಮುಂಗಡ ಹೋದಂತೆ.

ಗೈಡ್ ಶುಲ್ಕ ಸಾಮಾನ್ಯವಾಗಿ ತಂಡಕ್ಕೆ. ಒಬ್ಬ ಗೈಡಿಗೆ ಎಷ್ಟು ಮಂದಿಯವರೆಗೆ, ಅರ್ಧ ದಿನಕ್ಕೋ ಪೂರ್ತಿ ದಿನಕ್ಕೋ, ಊಟ ಯಾರದ್ದು ಎಂದು ಕೇಳಿ. ಮಿತಿ ಹತ್ತು ಎಂದಿದ್ದರೆ ಹನ್ನೊಂದನೆಯ ಗೆಳೆಯ ಬಂದಾಗ ಇನ್ನೊಬ್ಬ ಗೈಡ್ ಬೇಕು. ಭಾನುವಾರ ಬೆಳಗಿನ ಅರ್ಧ ದಿನಕ್ಕೆ 1,200 ರೂ., ಅವರ ತಿಂಡಿ ಊಟಕ್ಕೆ 150 ರೂ. ಹಿಡಿಯೋಣ. ಪ್ರಥಮ ಚಿಕಿತ್ಸೆ ಸಾಮಾನು, ಕಸದ ಚೀಲ, ಜಿಗಣೆಗೆ ಉಪ್ಪು ಮುಂತಾದ್ದಕ್ಕೆ 300. ತಂಡದ ಖರ್ಚು ಒಟ್ಟು 1,650 ರೂ.

ಆರನೆಯ ಹೆಜ್ಜೆ: ಊಟ

ಶನಿವಾರದ ಮಧ್ಯಾಹ್ನಕ್ಕೆ ಮನೆಯಿಂದ ಬುತ್ತಿ. ರಾತ್ರಿ ಊಟ ಟೆಂಟ್ ಜಾಗದವರಿಂದ 180 ರೂ., ಭಾನುವಾರ ತಿಂಡಿ 80, ಎರಡು ಚಾ 30, ಬೆಟ್ಟ ಏರುವಾಗ ಬಾಳೆಹಣ್ಣು, ಕಡಲೆಮಿಠಾಯಿಗೆ 60, ಇಳಿದ ಮೇಲೆ ರಾಜಪುರಂ ಕಡೆಯ ಹೋಟೆಲಿನಲ್ಲಿ ಊಟ 120. ತಲೆಗೆ 470 ರೂ.

ನಾವೇ ಅಡುಗೆ ಮಾಡಿದರೆ ಅಗ್ಗ ಎನ್ನುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಎಂಟು ಮಂದಿಯ ರಾತ್ರಿ ಊಟಕ್ಕೆ ಲೆಕ್ಕ ಹಾಕಿ ನೋಡೋಣ. ನಡೆದು ದಣಿದವರಿಗೆ ತಲೆಗೆ 120 ಗ್ರಾಂ ಅಕ್ಕಿ, ಅಂದರೆ ಸುಮಾರು 1 ಕೆ.ಜಿ. ತೊಗರಿಬೇಳೆ ತಲೆಗೆ 40 ಗ್ರಾಂನಂತೆ 320 ಗ್ರಾಂ, ತರಕಾರಿ ಒಂದು ಕೆ.ಜಿ., ಮೊಟ್ಟೆ 12, ಎಣ್ಣೆ, ಸಾಂಬಾರು ಪುಡಿ, ಹಪ್ಪಳ, ಉಪ್ಪಿನಕಾಯಿ. ಸಾಮಾನಿಗೆ 600 ರೂ., ಒಲೆ, ಗ್ಯಾಸ್, ಪಾತ್ರೆಗಳ ಬಾಡಿಗೆ 400, ಸೇರಿ 1,000. ಕೊಂಡ ಊಟಕ್ಕೆ 1,440. ಉಳಿಯುವುದು 440 ರೂ., ತಲೆಗೆ 55. ಇದಕ್ಕಾಗಿ ಮೂರು ನಾಲ್ಕು ಕೆ.ಜಿ. ಹೊತ್ತು ತಂದು, ಎರಡು ಗಂಟೆ ಒಲೆ ಮುಂದೆ ಕೂತು, ಕತ್ತಲಲ್ಲಿ ಪಾತ್ರೆ ತಿಕ್ಕಬೇಕು. ಅಡುಗೆಯೇ ಖುಷಿ ಎನ್ನುವ ತಂಡವಾದರೆ ಮಾಡಿ, ಹಣ ಉಳಿಸಲೆಂದು ಮಾಡಬೇಡಿ.

ಮಾಡುವುದಾದರೆ ನಮ್ಮ ಕಡೆಯ ಕುಚ್ಚಲಕ್ಕಿ ಒಯ್ಯಬೇಡಿ. ಅದು ಬೇಯಲು ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತದೆ. ಗ್ಯಾಸ್ ಅರ್ಧದಲ್ಲಿ ಮುಗಿದರೆ ಗಂಜಿಯೂ ಇಲ್ಲ, ಅನ್ನವೂ ಇಲ್ಲ. ಬೆಳ್ತಿಗೆ ಅಕ್ಕಿ ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ. ಬೆಳಗಿನ ತಿಂಡಿಗೆ ತಲೆಗೆ 75 ಗ್ರಾಂ ಅವಲಕ್ಕಿ, ತೆಂಗಿನತುರಿ, ಬೆಲ್ಲ ಇದ್ದರೆ ಒಲೆಯೇ ಬೇಡ.

ನೀರಿಗೆ ಬೇರೆ ಹಣ ಇಡಬೇಡಿ. ಪ್ರತಿಯೊಬ್ಬರೂ 2 ಲೀಟರ್ ಹಿಡಿಯುವಷ್ಟು ಸ್ಟೀಲ್ ಬಾಟಲಿ ತಂದು, ಟೆಂಟ್ ಜಾಗದಲ್ಲಿ ಕುದಿಸಿದ ನೀರು ತುಂಬಿಸಿಕೊಂಡರೆ ಸಾಕು. ಪ್ಲಾಸ್ಟಿಕ್ ಬಾಟಲಿ ಕೊಂಡರೆ ಹಣವೂ ಹೋಗುತ್ತದೆ, ಗೇಟಿನಲ್ಲಿ ತಪಾಸಣೆಯೂ ಆಗುತ್ತದೆ.

ಏಳನೆಯ ಹೆಜ್ಜೆ: ಕೂಡಿಸಿ, ಭಾಗಿಸಿ

ಪ್ರವೇಶ ಚೀಟಿಗೆ 60 ರೂ. ಎಂದರೆ ತಲೆಖರ್ಚು ಹೀಗಾಯಿತು: ರೈಲು, ಬಸ್ಸು 170, ಜಾಗ 250, ಊಟ 470, ಚೀಟಿ 60. ಒಟ್ಟು 950 ರೂ.

| | 10 ಮಂದಿ | 8 ಮಂದಿ | 7 ಮಂದಿ |
|---|---|---|---|
| ತಲೆಖರ್ಚು | 9,500 | 7,600 | 6,650 |
| ಗೈಡ್, ತಂಡದ ಖರ್ಚು | 1,650 | 1,650 | 1,650 |
| ಟೆಂಟ್ | 2,000 | 1,500 | 1,500 |
| ಜೀಪು, ಆಟೋ | 1,700 | 1,700 | 1,000 |
| ಒಟ್ಟು | 14,850 | 12,450 | 10,800 |
| ಒಬ್ಬರ ಪಾಲು | 1,485 | 1,557 | 1,543 |

ಹತ್ತರಿಂದ ಎಂಟಕ್ಕಿಳಿದಾಗ ಪಾಲು ಏರಿತು, ಏಳಕ್ಕಿಳಿದಾಗ ಮತ್ತೆ ಇಳಿಯಿತು. ಆಟೋ ಬೇಡವಾದದ್ದೇ ಕಾರಣ. ಜನ ಕಡಿಮೆಯಾದಂತೆಲ್ಲ ಪಾಲು ಏರುತ್ತಲೇ ಹೋಗುತ್ತದೆ ಎಂಬ ಊಹೆ ತಪ್ಪುವುದು ಮೆಟ್ಟಿಲು ಖರ್ಚಿನಿಂದ.

ಮೊಬೈಲಿನ ಶೀಟಿನಲ್ಲಿ ಇದನ್ನೇ ಮಾಡಬಹುದು. B1ರಲ್ಲಿ ಹುಡುಗರ ಸಂಖ್ಯೆ, B2ರಲ್ಲಿ ಹುಡುಗಿಯರದು ಹಾಕಿ, ಮುಂದಿನ ಸಾಲುಗಳನ್ನು B3ರಿಂದ B7ರವರೆಗೆ ಒಂದೊಂದಾಗಿ ಬರೆಯಿರಿ. ಕ್ರಮವಾಗಿ ಒಟ್ಟು ಜನ, ಟೆಂಟ್, ವಾಹನ, ಒಟ್ಟು ಖರ್ಚು, ಒಬ್ಬರ ಪಾಲು ಸಿಗುತ್ತದೆ. ಹದಿನಾಲ್ಕು ಮಂದಿಯವರೆಗಿನ ವಾಹನದ ದರ ಇದರಲ್ಲಿದೆ. ಹತ್ತು ದಾಟಿದರೆ ಎರಡನೆಯ ಗೈಡಿನ ಶುಲ್ಕವನ್ನು ನೀವೇ ಸೇರಿಸಬೇಕು.

```
=B1+B2
=500*(ROUNDUP(B1/3,0)+ROUNDUP(B2/3,0))
=IF(B3<=7,1000,IF(B3<=10,1700,2000))
=950*B3+1650+B4+B5
=B6/B3
```

ಈಗ ಕಾದಿಡುವ ಹಣ. ಎಂಟು ಮಂದಿಯ 12,450ಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 13,695. ಎಂಟರಿಂದ ಭಾಗಿಸಿದರೆ 1,712. ತಲೆಗೆ 1,750 ಎಂದು ಹೇಳಿಬಿಡಿ. ರಾತ್ರಿ ಮಳೆ ಹೊಡೆದು ಟೆಂಟಿನಿಂದ ಒಂದು ಕೋಣೆಗೆ ಹೋಗಬೇಕಾಗಿ ಬಂದರೆ, ಜೀಪು ಅರ್ಧ ಗಂಟೆ ಕಾದದ್ದಕ್ಕೆ ಹೆಚ್ಚು ಕೇಳಿದರೆ, ಕಾಲು ಉಳುಕಿದವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಈ ಹಣ ಬೇಕು.

ಎಂಟನೆಯ ಹೆಜ್ಜೆ: ಹಣ ಯಾವಾಗ, ಎಷ್ಟು ಪಡೆಯಬೇಕು

ಹತ್ತು ಮಂದಿಯ ಲೆಕ್ಕದಲ್ಲಿ 1,485 ಎಂದು ಹೇಳಿ, ನಾಲ್ಕು ಟೆಂಟ್ ಗೊತ್ತು ಮಾಡಿದ ಮೇಲೆ ಇಬ್ಬರು ತಪ್ಪಿಸಿಕೊಂಡರೆ ಏನಾಗುತ್ತದೆ? ಕೈಗೆ ಬಂದದ್ದು 8 × 1,485 = 11,880. ಖರ್ಚು 12,450, ಅದರ ಮೇಲೆ ಬೇಡವಾದ ಟೆಂಟಿನ 500, ಒಟ್ಟು 12,950. ಕೊರತೆ 1,070 ರೂ. ಕಾದಿಡಲು ಒಂದು ರೂಪಾಯಿಯೂ ಉಳಿದಿರುವುದಿಲ್ಲ.

ಇದನ್ನು ತಡೆಯಲು ಹಣವನ್ನು ಮೂರು ಕಂತಿನಲ್ಲಿ ಪಡೆಯಿರಿ. ಹೆಸರು ಕೊಟ್ಟ ದಿನವೇ 600 ರೂ., ಇದು ಮರಳಿಸದ ಮುಂಗಡ. ಈ ಸಂಖ್ಯೆ ಸುಮ್ಮನೆ ಹೇಳಿದ್ದಲ್ಲ. ಎಂಟು ಮಂದಿಯ ಗೈಡ್, ಟೆಂಟ್, ಜೀಪು ಸೇರಿ 4,850 ರೂ., ಎಂಟರಿಂದ ಭಾಗಿಸಿದರೆ 606. ಒಬ್ಬರು ಬಾರದಿದ್ದರೆ ಉಳಿದವರ ಮೇಲೆ ಬೀಳುವುದು ಸರಿಸುಮಾರು ಇಷ್ಟೇ, ತಲೆಖರ್ಚು ಹೇಗೂ ಉಳಿಯುತ್ತದೆ.

ಎರಡನೆಯ ಕಂತು ಗುರುವಾರ ಸಂಜೆಯೊಳಗೆ 550. ಜಾಗದವರು ಊಟಕ್ಕೆ ಎಷ್ಟು ಮಂದಿ ಎಂದು ಶುಕ್ರವಾರ ಕೇಳುತ್ತಾರೆ. ಸಂಖ್ಯೆ ಹೇಳಿದ ಮೇಲೆ ಜಾಗ 250, ರಾತ್ರಿ ಊಟ 180, ತಿಂಡಿ 80, ಒಟ್ಟು 510 ರೂ. ತಲೆಖರ್ಚಾಗಿ ಉಳಿಯುವುದಿಲ್ಲ, ಬಂದರೂ ಬಾರದಿದ್ದರೂ ಕೊಡಬೇಕು. ಆದ್ದರಿಂದ ಗುರುವಾರದ ನಂತರ ಹಿಂದೆ ಸರಿದವರಿಗೆ ಈ ಕಂತೂ ಮರಳುವುದಿಲ್ಲ. ಕೊನೆಯ 600 ಶನಿವಾರ ರೈಲು ಹತ್ತುವ ಮೊದಲು. ಈ ನಿಯಮವನ್ನು ಹಣ ಕೇಳುವ ಸಂದೇಶದಲ್ಲಿಯೇ ಬರೆಯಿರಿ. ಕೈಕೊಟ್ಟ ಮೇಲೆ ಹೇಳಿದರೆ ಸ್ನೇಹ ಕೆಡುತ್ತದೆ.

ಇಡೀ ಚಾರಣವೇ ರದ್ದಾಗುವ ಸಂದರ್ಭ ಬೇರೆ. ಜೋರು ಮಳೆಯ ಎಚ್ಚರಿಕೆ ಇದ್ದಾಗ, ಬೇಸಗೆಯಲ್ಲಿ ಕಾಡ್ಗಿಚ್ಚಿನ ಭಯವಿದ್ದಾಗ ಅರಣ್ಯ ಇಲಾಖೆ ಹಾದಿ ಮುಚ್ಚುತ್ತದೆ. ಆಗ ಜಾಗದವರು, ಟೆಂಟಿನವರು, ಗೈಡ್ ಈ ಮೂವರೂ ಮುಂಗಡ ಮರಳಿಸುತ್ತಾರೋ, ಬೇರೆ ವಾರಕ್ಕೆ ಹೊಂದಿಸಿ ಕೊಡುತ್ತಾರೋ ಎಂಬುದನ್ನು ಮುಂಗಡ ಕಳಿಸುವ ಮೊದಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಶುಕ್ರವಾರ ಸಂಜೆ ಒಮ್ಮೆ ಚೀಟಿ ಕೌಂಟರಿಗೆ ಅಥವಾ ಜಾಗದವರಿಗೆ ಫೋನ್ ಮಾಡಿ ಹಾದಿ ತೆರೆದಿದೆಯೇ ಕೇಳಿ, ಆಮೇಲೆ ತರಕಾರಿ, ಹಣ್ಣು ಕೊಳ್ಳಿ.

ದಾರಿಯಲ್ಲಿ ಹಣ ಕೊಡುವವರು ಒಬ್ಬರೇ ಇರಲಿ. ರಾಣಿಪುರಂ ಮೇಲೆ ಮೊಬೈಲ್ ಸಿಗ್ನಲ್ ನೆಚ್ಚಿಕೊಂಡು ಹೋಗುವಂತಿಲ್ಲ. ಜೀಪು, ಗೈಡ್, ಚೀಟಿಯ ಹಣವನ್ನು ಬಿಡಿನೋಟುಗಳಲ್ಲಿ ಮೂರು ಲಕೋಟೆ ಮಾಡಿ, ಹೆಸರು ಬರೆದು ಇಟ್ಟುಕೊಳ್ಳಿ. ಸೋಮವಾರ ಟೆಂಟ್ ಮರಳಿಸಿ ಠೇವಣಿ ಕೈಗೆ ಬಂದ ಮೇಲೆ ಅಂತಿಮ ಲೆಕ್ಕ ಹಾಕಿ. ಎಂಟೂ ಮಂದಿ ಬಂದು ಕಾದಿಟ್ಟದ್ದು ಖರ್ಚಾಗದಿದ್ದರೆ ಪಡೆದದ್ದು 14,000, ಹೋದದ್ದು 12,450, ಉಳಿದದ್ದು 1,550. ಪ್ರತಿಯೊಬ್ಬರಿಗೂ 193 ರೂ.ನಂತೆ ಅದೇ ದಿನ ಮರಳಿಸಿ.